ತ್ರಿಕೋನದೊಳಗಿನ ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಕಾಗದ ಮತ್ತು ಪ್ಲಾಸ್ಟಿಕ್ ರೀಸೈಕಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ ಒಂದು ನಂಬರ್ ಇದೆ. ಅಂದರೆ ಅದು ರೀಸೈಕಲ್ ಆಗುತ್ತದೆ ಅಂತ ಅಲ್ವಾ?

ಅಲ್ಲ. ಆ ನಂಬರ್ ಹೇಳುವುದು ಒಂದೇ ವಿಷಯ: ಡಬ್ಬಿಯನ್ನು ಯಾವ ಜಾತಿಯ ಪ್ಲಾಸ್ಟಿಕ್‌ನಿಂದ ಮಾಡಿದ್ದಾರೆ ಎಂಬುದು. ಅದು ರೀಸೈಕಲ್ ಆಗುತ್ತದೆ ಎಂಬ ಭರವಸೆ ಅಲ್ಲ. ಹಳೆಯ ಪ್ಲಾಸ್ಟಿಕ್‌ನಿಂದ ಮಾಡಿದ್ದು ಎಂಬ ಅರ್ಥವೂ ಇಲ್ಲ. ಎಷ್ಟು ಸಲ ಬಳಸಬಹುದು, ಎಷ್ಟು ಸುರಕ್ಷಿತ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಗೊಂದಲಕ್ಕೆ ಓದುಗರನ್ನು ದೂರುವುದು ಸರಿಯಲ್ಲ. ಒಂದನ್ನೊಂದು ಬೆನ್ನಟ್ಟುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ಅಮೆರಿಕದ ವಿದ್ಯಾರ್ಥಿ ರಚಿಸಿದ್ದು. ಅದಕ್ಕೊಂದು ಸ್ಪರ್ಧೆ ಇತ್ತು, ಸ್ಪರ್ಧೆ ನಡೆಸಿದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ. ಅಂದರೆ ಈ ಚಿಹ್ನೆ ಮೊದಲು ಬಂದದ್ದು ಕಾಗದದ ಕಡೆಯಿಂದ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಪ್ಲಾಸ್ಟಿಕ್‌ಗಳಿಗೆ 1ರಿಂದ 7ರವರೆಗೆ ನಂಬರ್ ಕೊಟ್ಟಿತು. ವಿಂಗಡಿಸುವವರಿಗೆ ಗುರುತು ಸಿಗಲಿ ಎಂಬುದು ಕಾರಣ. ಆದರೆ ನಂಬರ್ ಸುತ್ತ ಹಾಕಿದ್ದು ಬಾಣಗಳ ತ್ರಿಕೋನವನ್ನೇ. ನೋಡಿದವರು ಏನು ತಿಳಿದುಕೊಳ್ಳುತ್ತಾರೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಮುಂದೆ ಈ ನಂಬರ್‌ಗಳ ಜವಾಬ್ದಾರಿ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಗೆ ಹೋಯಿತು. 2013ರಲ್ಲಿ ಅದು ಬಾಣಗಳನ್ನು ತೆಗೆದು ಸಾದಾ ತ್ರಿಕೋನ ಮಾಡಿತು. ಅಷ್ಟರಲ್ಲಿ ಬಾಣಗಳಿರುವ ಅಚ್ಚುಗಳು ಕಾರ್ಖಾನೆಗಳಲ್ಲಿ ಬೇಕಾದಷ್ಟು ಇದ್ದವು. ಹಾಗಾಗಿ ಈಗಲೂ ಎರಡೂ ಬಗೆ ಕಾಣುತ್ತವೆ.

ಹಾಗಾದರೆ ಯಾವ ನಂಬರ್ ಯಾವ ಪ್ಲಾಸ್ಟಿಕ್?

1 ಅಂದರೆ ಪೆಟ್, ನೀರಿನ ಬಾಟಲಿಯ ಪಾರದರ್ಶಕ ಪ್ಲಾಸ್ಟಿಕ್. 2 ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥೀನ್. ಶಾಂಪೂ ಮತ್ತು ಡಿಟರ್ಜೆಂಟ್ ಬಾಟಲಿಗಳು ಹೆಚ್ಚಾಗಿ ಇದರವು. 3 ಪಿವಿಸಿ. 4 ಎಲ್‌ಡಿಪಿಇ, ತೆಳು ಕವರುಗಳ ಮೆತ್ತನೆಯ ಪಾಲಿಥೀನ್. 5 ಪಾಲಿಪ್ರೊಪಿಲೀನ್, ಬಿಸಿ ತಡೆಯುವ ಡಬ್ಬಿಗಳಲ್ಲಿ ಮತ್ತು ಅನೇಕ ಮುಚ್ಚಳಗಳಲ್ಲಿ ಇರುವುದು. 6 ಪಾಲಿಸ್ಟೈರೀನ್. ಥರ್ಮಾಕೋಲ್ ಇದರದೇ ಉಬ್ಬಿಸಿದ ರೂಪ. ಈ ಆರರಲ್ಲಿ ಸೇರದ ಎಲ್ಲವೂ 7. ಪಾಲಿಕಾರ್ಬೊನೇಟ್, ನೈಲಾನ್, ಗಿಡಗಳ ಸಕ್ಕರೆಯಿಂದ ಮಾಡುವ ಪಿಎಲ್‌ಎ, ಎರಡು ಮೂರು ಪದರ ಅಂಟಿಸಿದ ಮಿಶ್ರಣ, ಎಲ್ಲಕ್ಕೂ ಅದೊಂದೇ ನಂಬರ್. ಹಾಗಾಗಿ 7 ಎಂದರೆ ವಿಂಗಡಿಸುವವನಿಗೆ ಏನೂ ಹೇಳಿದಂತಾಗುವುದಿಲ್ಲ.

ಇನ್ನೊಂದು ಮಾತು. 1, 2, 3 ಎಂಬುದು ರ‍್ಯಾಂಕ್ ಅಲ್ಲ. 5 ನಂಬರಿನದು 2 ನಂಬರಿನದಕ್ಕಿಂತ ಕೆಟ್ಟದ್ದು ಎಂದೇನಿಲ್ಲ.

ಕಾಗದ ಯಾಕೆ ಅಷ್ಟು ಸುಲಭವಾಗಿ ರೀಸೈಕಲ್ ಆಗುತ್ತದೆ?

ಕಾಗದವನ್ನು ಬಿಡಿಸಲು ನೀರು ಸಾಕು. ಇಡೀ ಗುಟ್ಟು ಅಲ್ಲೇ ಇದೆ.

ಕಾಗದ ಅಂದರೆ ಮರದ ನಾರುಗಳ ಒಂದು ಹಾಳೆ. ಒಂದೊಂದು ನಾರು ಒಂದರಿಂದ ಮೂರು ಮಿಲಿಮೀಟರ್ ಉದ್ದ ಇರುತ್ತದೆ. ನಾರು ಸೆಲ್ಯುಲೋಸ್‌ನದು. ಸೆಲ್ಯುಲೋಸ್‌ನ ಮೈತುಂಬ ನೀರನ್ನು ಇಷ್ಟಪಡುವ ಗುಂಪುಗಳಿವೆ. ಎರಡು ನಾರುಗಳು ಒದ್ದೆಯಾಗಿ ಪಕ್ಕಪಕ್ಕ ಬಂದು, ಹಾಗೇ ಒತ್ತಿ ಒಣಗಿಸಿದಾಗ, ಈ ಗುಂಪುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇದಕ್ಕೆ ಹೈಡ್ರೋಜನ್ ಬಂಧ ಎನ್ನುತ್ತಾರೆ. ಒಂದೊಂದು ಬಂಧ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು ಇರುತ್ತವೆ. ಹಾಗಾಗಿ ಒಣ ಹಾಳೆ ಗಟ್ಟಿ. ಅದೇ ಹಾಳೆಗೆ ನೀರು ಬಿದ್ದರೆ ನೀರಿನ ಕಣಗಳು ನಡುವೆ ನುಗ್ಗಿ ಆ ಹಿಡಿತ ಬಿಡಿಸುತ್ತವೆ. ನಾರು ಮಾತ್ರ ಹಾಗೇ ಉಳಿಯುತ್ತದೆ.

ಕಾರ್ಖಾನೆಯಲ್ಲಿ ಆಗುವುದೂ ಇಷ್ಟೇ. ಪಲ್ಪರ್ ಎಂಬ ದೊಡ್ಡ ತೊಟ್ಟಿಯಲ್ಲಿ ಹಳೆ ಕಾಗದ ಮತ್ತು ನೀರು ಹಾಕಿ ಕಲಕುತ್ತಾರೆ. ನಾರುಗಳು ಬಿಡಿಬಿಡಿಯಾಗಿ ಪಲ್ಪ್ ಆಗುತ್ತದೆ. ಸ್ಟೇಪಲ್ ಪಿನ್, ಮರಳು, ಪ್ಲಾಸ್ಟಿಕ್ ಚೂರು, ಕಿಟಕಿ ಲಕೋಟೆಯ ಹಾಳೆ ಮುಂತಾದವು ಪಲ್ಪ್ ಆಗುವುದಿಲ್ಲ. ಜರಡಿಯಲ್ಲಿ ಅವು ನಿಂತುಬಿಡುತ್ತವೆ, ಅಥವಾ ಪಲ್ಪನ್ನು ಸುಳಿಯಂತೆ ತಿರುಗಿಸಿದಾಗ ಭಾರದ್ದು ಬೇರೆಯಾಗುತ್ತದೆ. ಶಾಯಿ ತೆಗೆಯಲು ಸಾಬೂನಿನಂಥ ವಸ್ತು ಹಾಕಿ ಕೆಳಗಿನಿಂದ ಗಾಳಿ ಬಿಡುತ್ತಾರೆ. ಶಾಯಿಯ ಕಣಗಳು ಗುಳ್ಳೆಗಳಿಗೆ ಅಂಟಿ ಮೇಲೆ ಬರುತ್ತವೆ. ನೊರೆಯನ್ನು ಕೆನೆಯ ಹಾಗೆ ತೆಗೆದು ಎಸೆಯುತ್ತಾರೆ. ಉಳಿದ ಪಲ್ಪನ್ನು ಜಾಲರಿಯ ಮೇಲೆ ಹರಡಿ, ಹಿಂಡಿ, ಒಣಗಿಸಿದರೆ ಮತ್ತೆ ಕಾಗದ. ಹೊಸ ಅಂಟೇನೂ ಬೇಕಾಗಿಲ್ಲ. ಮೊದಲಿನ ಬಂಧಗಳೇ ಮತ್ತೆ ಹುಟ್ಟುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಪತ್ರಿಕೆಯ ನಾರು, ಪುಸ್ತಕದ ನಾರು, ರಟ್ಟಿನ ನಾರು ಎಲ್ಲದರ ಮೂಲ ವಸ್ತು ಒಂದೇ. ಬೆರೆತರೆ ಬಣ್ಣ, ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ಆದರೆ ಅವು ಒಂದಕ್ಕೊಂದು ಅಂಟುವುದಿಲ್ಲ ಎಂಬ ಸಮಸ್ಯೆ ಬರುವುದಿಲ್ಲ.

ಕಾಗದವನ್ನು ಎಷ್ಟು ಸಲ ಬೇಕಾದರೂ ಹೀಗೆ ಮಾಡಬಹುದಾ?

ಇಲ್ಲ. ಸಾಮಾನ್ಯವಾಗಿ 5ರಿಂದ 7 ಸಲ ಎನ್ನುತ್ತಾರೆ. ಪ್ರತಿ ಸುತ್ತಿನಲ್ಲೂ ಕೆಲವು ನಾರು ತುಂಡಾಗುತ್ತವೆ. ಜೊತೆಗೆ, ಒಂದು ಸಲ ಚೆನ್ನಾಗಿ ಒಣಗಿದ ನಾರು ಮುಂದಿನ ಸಲ ಮೊದಲಿನಷ್ಟು ನೀರು ಕುಡಿದು ಉಬ್ಬುವುದಿಲ್ಲ. ಬಿರುಸಾಗಿಬಿಡುತ್ತದೆ, ಹಿಡಿತ ಕಡಿಮೆಯಾಗುತ್ತದೆ. ತೀರಾ ಗಿಡ್ಡ ನಾರು ಜರಡಿಯಲ್ಲೇ ಸೋರಿಹೋಗುತ್ತದೆ. ಅದಕ್ಕೇ ಒಳ್ಳೆಯ ಬರೆಯುವ ಹಾಳೆ ಮುಂದೆ ಪತ್ರಿಕೆ ಕಾಗದವಾಗಿ, ಆಮೇಲೆ ರಟ್ಟಾಗಿ ಇಳಿಯುತ್ತಾ ಬರುತ್ತದೆ. ನಡುನಡುವೆ ಹೊಸ ನಾರು ಸೇರಲೇಬೇಕು.

ಯಾವ ಕಾಗದ ಆಗುವುದಿಲ್ಲ?

ನೀರು ಒಳಗೆ ಹೋಗದಂತೆ ಮಾಡಿದ್ದು ಯಾವುದೇ ಇರಲಿ, ಅದು ಕಷ್ಟ. ಮೇಣ ಹಚ್ಚಿದ ಕಾಗದ ಒಂದು ಉದಾಹರಣೆ. ಬಿಸಿ ಪಾನೀಯದ ಲೋಟಕ್ಕೆ ಒಳಗಡೆ ತೆಳು ಪಾಲಿಥೀನ್ ಪದರ ಇರುತ್ತದೆ. ಅದನ್ನು ಬಿಡಿಸಲು ಹೆಚ್ಚು ಹೊತ್ತು ಕಲಕಬೇಕು, ಸಾಮಾನ್ಯ ಪಲ್ಪರ್‌ಗೆ ಅಷ್ಟು ಪುರುಸೊತ್ತಿರುವುದಿಲ್ಲ. ಕೈ ಒರೆಸುವ ಕಾಗದಕ್ಕೆ ಒದ್ದೆಯಾದರೂ ಹರಿಯದಿರಲಿ ಎಂದು ಒಂದು ರಾಳ ಸೇರಿಸಿರುತ್ತಾರೆ, ಆ ರಾಳವೇ ಇಲ್ಲಿ ಅಡ್ಡಿ. ಎಣ್ಣೆ ಹೀರಿದ ರಟ್ಟು ಕೂಡ ಬೇಡ. ಎಣ್ಣೆ ನಾರಿನ ಮೇಲೆ ಕೂತರೆ ಬಂಧ ಹುಟ್ಟುವ ಜಾಗವೇ ಮುಚ್ಚಿಹೋಗುತ್ತದೆ.

ಸರಿ, ಪ್ಲಾಸ್ಟಿಕನ್ನೂ ಹೀಗೇ ಒಟ್ಟಿಗೆ ಕರಗಿಸಿ ಅಚ್ಚಿಗೆ ಹಾಕಿದರೆ ಆಗಲ್ವಾ?

ಕರಗುತ್ತದೆ. ಬೆರೆಯುವುದಿಲ್ಲ.

ಪ್ಲಾಸ್ಟಿಕ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳ ರಾಶಿ. ನೀರಿಗೆ ಅದು ಜಗ್ಗುವುದಿಲ್ಲ. ಬಿಡಿಸಬೇಕೆಂದರೆ ಬಿಸಿ ಮಾಡಿ ಕರಗಿಸಲೇಬೇಕು. ನೀರು ಮತ್ತು ಸಕ್ಕರೆಯಲ್ಲಿ ಚಿಕ್ಕ ಅಣುಗಳಿವೆ, ಅವು ಅತ್ತಿತ್ತ ಓಡಾಡಿ ಒಂದರೊಳಗೊಂದು ಸುಲಭವಾಗಿ ಸೇರುತ್ತವೆ. ಸಾವಿರಾರು ಕೊಂಡಿಗಳ ಸರಪಳಿಗೆ ಅಂಥ ಓಡಾಟದ ಸ್ವಾತಂತ್ರ್ಯ ಇಲ್ಲ. ಎರಡು ಬಗೆಯ ಸರಪಳಿಗಳ ನಡುವೆ ಚೂರೇ ಚೂರು ಹೊಂದಾಣಿಕೆ ತಪ್ಪಿದ್ದರೂ ಸಾಕು, ಪ್ರತಿ ಕೊಂಡಿಯಲ್ಲೂ ಅದು ಕೂಡುತ್ತಾ ಹೋಗಿ ಕೊನೆಗೆ ಎರಡೂ ಬೇರೆ ಬೇರೆ ಗುಂಪಾಗುತ್ತವೆ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಅಣ್ಣತಮ್ಮಂದಿರು. ಎರಡರಲ್ಲೂ ಇರುವುದು ಕಾರ್ಬನ್, ಹೈಡ್ರೋಜನ್ ಮಾತ್ರ. ಅವೂ ಪೂರ್ತಿ ಬೆರೆಯುವುದಿಲ್ಲ. ಅಂಥ ಮಿಶ್ರಣದಿಂದ ಮಾಡಿದ ವಸ್ತುವನ್ನು ಬಗ್ಗಿಸಿದರೆ ಎರಡು ಗುಂಪುಗಳ ಗಡಿಯಲ್ಲೇ ಬಿರುಕು ಬಿಡುತ್ತದೆ.

ಕರಗುವ ಬಿಸಿಯೂ ಒಂದೇ ಅಲ್ಲ. ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪಾಲಿಪ್ರೊಪಿಲೀನ್ ಸುಮಾರು 160ಕ್ಕೆ. ಪೆಟ್‌ಗೆ 250 ದಾಟಬೇಕು. ಪೆಟ್ ಕರಗುವ ಹೊತ್ತಿಗೆ ಪಿವಿಸಿ ಸುಡತೊಡಗಿರುತ್ತದೆ. ಹಾಗಾಗಿ ಪ್ಲಾಸ್ಟಿಕ್ ರೀಸೈಕಲ್ ಅಂದರೆ ಮುಕ್ಕಾಲು ಪಾಲು ವಿಂಗಡಿಸುವ ಕೆಲಸ, ಕರಗಿಸುವುದು ಕೊನೆಯ ಮಾತು.

ಒಂದು ಬಾಟಲಿಯ ಉದಾಹರಣೆ ಕೊಟ್ಟು ಹೇಳಬಹುದಾ?

ಎಲ್ಲಕ್ಕಿಂತ ಚೆನ್ನಾಗಿ ರೀಸೈಕಲ್ ಆಗುವ ಪ್ಲಾಸ್ಟಿಕನ್ನೇ ತೆಗೆದುಕೊಳ್ಳೋಣ. ಬಣ್ಣವಿಲ್ಲದ ಪೆಟ್ ಬಾಟಲಿ, ನಂಬರ್ 1. ಅದಕ್ಕೊಂದು ಮುಚ್ಚಳ, ಒಂದು ಲೇಬಲ್.

ಮೊದಲು ವಿಂಗಡಿಸುವ ಬೆಲ್ಟ್. ಯಂತ್ರವಿರುವ ಕಡೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಾಟಲಿಯ ಮೇಲೆ ಬಿಡುತ್ತಾರೆ. ಮರಳಿ ಬರುವ ಬೆಳಕಿನಲ್ಲಿ ಒಂದೊಂದು ಪ್ಲಾಸ್ಟಿಕ್‌ಗೂ ಒಂದೊಂದು ಗುರುತು ಇರುತ್ತದೆ. ಪೆಟ್ ಎಂದು ಗೊತ್ತಾದ ಕೂಡಲೇ ಗಾಳಿಯ ಪಿಚಕಾರಿ ಅದನ್ನು ಬೇರೆ ಬೆಲ್ಟ್‌ಗೆ ಹಾರಿಸುತ್ತದೆ. ತಮಾಷೆ ಎಂದರೆ, ಈ ಯಂತ್ರ ತಳದ ನಂಬರನ್ನು ಓದುವುದೇ ಇಲ್ಲ. ಬಾಟಲಿಯ ಮೈತುಂಬ ಬೇರೆ ಪ್ಲಾಸ್ಟಿಕ್‌ನ ಬಿಗಿ ತೊಗಲು ಹಾಕಿದ್ದರೆ ಯಂತ್ರಕ್ಕೆ ಕಾಣುವುದು ಆ ತೊಗಲು ಮಾತ್ರ. ಬಾಟಲಿ ತಪ್ಪು ರಾಶಿಗೆ ಹೋಗುತ್ತದೆ.

ಆಮೇಲೆ ಬಾಟಲಿಯನ್ನು ಸುಮಾರು ಒಂದು ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸುತ್ತಾರೆ. ಇದಕ್ಕೆ ಫ್ಲೇಕ್ಸ್ ಎಂದು ಹೆಸರು. ಕಾಸ್ಟಿಕ್ ಸೋಡಾ ಹಾಕಿದ ಬಿಸಿ ನೀರಿನಲ್ಲಿ ತೊಳೆದರೆ ಲೇಬಲ್‌ನ ಅಂಟು ಬಿಡುತ್ತದೆ. ನಂತರ ನೀರಿನ ತೊಟ್ಟಿ. ಪೆಟ್ ನೀರಿಗಿಂತ ಭಾರ, ಮುಳುಗುತ್ತದೆ. ಮುಚ್ಚಳ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್‌ನದು, ಅದು ಹಗುರ, ತೇಲುತ್ತದೆ. ಎಷ್ಟು ಸಲೀಸು ನೋಡಿ. ಮುಚ್ಚಳ ಮತ್ತು ಬಾಟಲಿ ಬೇರೆ ಬೇರೆ ಪ್ಲಾಸ್ಟಿಕ್ ಆಗಿರುವುದೇ ಇಲ್ಲಿ ಅನುಕೂಲ.

ಮುಂದೆ ಒಣಗಿಸಬೇಕು, ಬಹಳ ಚೆನ್ನಾಗಿ. ಬಟ್ಟೆ ಒಣಗಿದ ಹಾಗೆ ಒಣಗಿದರೆ ಸಾಲದು. ಒಂದು ಕೆಜಿ ಫ್ಲೇಕ್ಸ್‌ನಲ್ಲಿ 0.05 ಗ್ರಾಂಗಿಂತ ಕಡಿಮೆ ನೀರಿರಬೇಕು. ಯಾಕೆಂದರೆ ಕರಗಿದ ಪೆಟ್‌ನಲ್ಲಿ ನೀರಿದ್ದರೆ ಅದು ಸರಪಳಿಗಳನ್ನು ಕತ್ತರಿಸುತ್ತದೆ. ಸರಪಳಿ ಗಿಡ್ಡವಾದಷ್ಟೂ ದ್ರವ ತೆಳ್ಳಗಾಗುತ್ತದೆ, ಅದರಿಂದ ಬಾಟಲಿ ಊದಲು ಬರುವುದಿಲ್ಲ.

ಎಷ್ಟೇ ಜೋಪಾನ ಮಾಡಿದರೂ ಸರಪಳಿ ಸ್ವಲ್ಪ ತುಂಡಾಗಿಯೇ ಇರುತ್ತದೆ. ಆದರೆ ಪೆಟ್‌ಗೆ ಒಂದು ಅದೃಷ್ಟ ಇದೆ. ಕರಗುವುದಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 200ರಿಂದ 220 ಡಿಗ್ರಿಯಲ್ಲಿ, ಗಾಳಿ ಎಳೆದ ತೊಟ್ಟಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ತುಂಡಾದ ತುದಿಗಳು ಮತ್ತೆ ಕೂಡಿಕೊಳ್ಳುತ್ತವೆ. ಹೊರಬೀಳುವ ಚಿಕ್ಕ ಅಣುಗಳನ್ನು ನಿರ್ವಾತ ಎಳೆದುಕೊಳ್ಳುತ್ತದೆ. ಹೀಗೆ ಹಳೆ ಬಾಟಲಿಯಿಂದ ಮತ್ತೆ ಬಾಟಲಿ ಆಗುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳಿಗೆ ಈ ಸೌಲಭ್ಯ ಇಲ್ಲ. ಅವುಗಳ ಸರಪಳಿ ತುಂಡಾದರೆ ತುಂಡಾದ ಹಾಗೇ.

ಇದರಲ್ಲಿ ಏನು ತಪ್ಪಬಹುದು?

ಪಿವಿಸಿ ಬರಬಹುದು. ಈ ಕೆಲಸದಲ್ಲಿರುವವರಿಗೆ ಎಲ್ಲಕ್ಕಿಂತ ಜಾಸ್ತಿ ತಲೆನೋವು ಅದೇ.

ಪಿವಿಸಿ ಕೂಡ ಪಾರದರ್ಶಕವಾಗಿರಬಹುದು. ನೀರಿನಲ್ಲಿ ಅದೂ ಮುಳುಗುತ್ತದೆ. ಎರಡರ ಸಾಂದ್ರತೆ ಎಷ್ಟು ಹತ್ತಿರ ಎಂದರೆ ತೊಟ್ಟಿಯಲ್ಲಿ ಬೇರೆಯಾಗುವ ಆಸೆಯೇ ಇಲ್ಲ. ಹಾಗಾಗಿ ನುಸುಳಿದ ಚೂರು ಪೆಟ್ ಜೊತೆಯೇ ಕರಗಿಸುವ ಯಂತ್ರಕ್ಕೆ ಹೋಗುತ್ತದೆ. ಅಲ್ಲಿನ ಬಿಸಿ ಸುಮಾರು 270 ಡಿಗ್ರಿ. ಪಿವಿಸಿ ಆ ಬಿಸಿ ತಡೆಯದೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ತಾನು ಕಪ್ಪು ಚುಕ್ಕೆಯಾಗುತ್ತದೆ. ಆಮ್ಲ ಪಕ್ಕದ ಪೆಟ್ ಸರಪಳಿಗಳನ್ನು ಕತ್ತರಿಸುತ್ತದೆ. ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ, ಯಂತ್ರದ ಲೋಹವೂ ಸವೆಯುತ್ತದೆ.

ಎಷ್ಟು ಪಿವಿಸಿ ಇದ್ದರೆ ತೊಂದರೆ? ಒಂದು ಟನ್‌ನಲ್ಲಿ 100 ಗ್ರಾಂ ಇದ್ದರೂ ಒಳ್ಳೆಯ ದರ್ಜೆಯ ಮಾಲಿಗೆ ಅದು ಜಾಸ್ತಿಯೇ. ಲೆಕ್ಕ ಹಾಕಿ ನೋಡಿ. ಒಂದು ಬಾಟಲಿ 25 ಗ್ರಾಂ ಎಂದು ಹಿಡಿದರೆ ಒಂದು ಟನ್‌ಗೆ 40,000 ಬಾಟಲಿ. ಅದರಲ್ಲಿ ಅದೇ ತೂಕದ ಪಿವಿಸಿ ಬಾಟಲಿ ನಾಲ್ಕು ಸೇರಿದರೆ 100 ಗ್ರಾಂ ಆಯಿತು. ಅಂದರೆ ಹತ್ತು ಸಾವಿರಕ್ಕೆ ಒಂದು. ಕಾಗದದ ಪಲ್ಪರ್‌ಗೆ ಹತ್ತು ಸಾವಿರಕ್ಕೆ ಒಂದು ಬೇರೆ ಹಾಳೆ ಬಿದ್ದರೆ ಯಾರಿಗೂ ಗೊತ್ತೂ ಆಗುವುದಿಲ್ಲ.

ಬಾಟಲಿಯ ಮೇಲೂ 1, ತೆಳು ಪಾರದರ್ಶಕ ಟ್ರೇ ಮೇಲೂ 1. ಬಾಟಲಿ ತಗೋತಾರೆ, ಟ್ರೇ ಬೇಡ ಅಂತಾರೆ. ಯಾಕೆ?

ಯಾಕೆಂದರೆ ನಂಬರ್ ಜಾತಿಯನ್ನು ಹೇಳುತ್ತದೆ, ಗ್ರೇಡ್ ಹೇಳುವುದಿಲ್ಲ. ಒಂದೇ ಪ್ಲಾಸ್ಟಿಕ್‌ನಲ್ಲಿ ಸರಪಳಿ ಉದ್ದ ಇರಬಹುದು, ಗಿಡ್ಡ ಇರಬಹುದು. ಬಾಟಲಿ ಊದಲು ಉದ್ದ ಸರಪಳಿ ಬೇಕು. ಟ್ರೇಯನ್ನು ಹಾಳೆಯಿಂದ ಒತ್ತಿ ಮಾಡುತ್ತಾರೆ, ಅದಕ್ಕೆ ಅಷ್ಟು ಉದ್ದ ಬೇಕಿಲ್ಲ. ಟ್ರೇ ಕತ್ತರಿಸುವಾಗ ಪುಡಿಪುಡಿಯಾಗುತ್ತದೆ. ಆ ಪುಡಿ ತೊಳೆಯುವ ನೀರಿನಲ್ಲೇ ಹೋಗಿಬಿಡುತ್ತದೆ. ಕೆಲವು ಟ್ರೇಗಳ ಒಳಗೆ ಅಂಟಿಸಿದ ಪಾಲಿಥೀನ್ ಪದರವೂ ಇರುತ್ತದೆ, ಅದನ್ನು ನೀರಿನ ತೊಟ್ಟಿ ಬೇರೆ ಮಾಡಲಾರದು.

ಇದರ ಜೊತೆ ಪೆಟ್‌ಜಿ ಎಂಬ ಸೋದರಸಂಬಂಧಿ ಬೇರೆ ಇದೆ. ನೋಡಲು ಥೇಟ್ ಪೆಟ್, ಆದರೆ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಪೆಟ್ ಒಣಗಿಸುವ ಯಂತ್ರದಲ್ಲಿ ಅದರ ದುಪ್ಪಟ್ಟು ಬಿಸಿ ಇರುತ್ತದೆ. ಪೆಟ್‌ಜಿ ಚೂರುಗಳು ಅಲ್ಲಿ ಅಂಟಂಟಾಗಿ, ಸುತ್ತಲಿನ ಒಳ್ಳೆಯ ಫ್ಲೇಕ್ಸನ್ನೂ ಹಿಡಿದು ಉಂಡೆ ಕಟ್ಟಿ ದಾರಿ ಕಟ್ಟಿಹಾಕುತ್ತವೆ.

2 ನಂಬರಿನಲ್ಲೂ ಹೀಗೇನಾ?

ಹೌದು. ಶಾಂಪೂ ಬಾಟಲಿಯನ್ನು ಕರಗಿದ ಪ್ಲಾಸ್ಟಿಕ್ ಕೊಳವೆಯೊಳಗೆ ಗಾಳಿ ಊದಿ ಮಾಡುತ್ತಾರೆ. ಅಲ್ಲಿ ಪ್ಲಾಸ್ಟಿಕ್ ದಪ್ಪಗೆ, ಜೋತುಬೀಳದೆ ನಿಲ್ಲಬೇಕು. ಅಗಲ ಬಾಯಿಯ ಡಬ್ಬಿಯನ್ನು ಅಚ್ಚಿನೊಳಗೆ ಚುಚ್ಚಿ ಮಾಡುತ್ತಾರೆ. ಅಲ್ಲಿ ಪ್ಲಾಸ್ಟಿಕ್ ನೀರಾಗಿ ಮೂಲೆಮೂಲೆಗೂ ಹರಿಯಬೇಕು. ಎರಡೂ ಬೆರೆತರೆ ಅದು ಊದುವುದಕ್ಕೆ ತೀರಾ ತೆಳು, ಚುಚ್ಚುವುದಕ್ಕೆ ತೀರಾ ದಪ್ಪ.

ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಊದಿ ಮಾಡಿದ ಎಚ್‌ಡಿಪಿಇ ಬಾಟಲಿಯ ತಳದಲ್ಲಿ ಅಡ್ಡಕ್ಕೆ ಒಂದು ಗೆರೆ ಇರುತ್ತದೆ, ಕೊಳವೆಯನ್ನು ಅಚ್ಚು ಒತ್ತಿ ಮುಚ್ಚಿದ ಜಾಗ ಅದು. ಚುಚ್ಚಿ ಮಾಡಿದ ಡಬ್ಬಿಯ ತಳದ ನಡುವೆ ಒಂದು ಚಿಕ್ಕ ಚುಕ್ಕೆ ಇರುತ್ತದೆ, ಪ್ಲಾಸ್ಟಿಕ್ ಒಳಬಂದ ಬಾಗಿಲು ಅದು. ಪೆಟ್ ಬಾಟಲಿಗೂ ಚುಕ್ಕೆಯೇ ಇರುತ್ತದೆ, ಯಾಕೆಂದರೆ ಅದನ್ನು ಮೊದಲು ಚಿಕ್ಕ ನಳಿಗೆಯಾಗಿ ಚುಚ್ಚಿ, ಆಮೇಲೆ ಊದುತ್ತಾರೆ.

ನಂಬರ್ ಅಳಿಸಿಹೋಗಿದ್ದರೆ ಹೇಗೆ ಗುರುತಿಸುವುದು?

ಒಂದು ಚೂರು ಕತ್ತರಿಸಿ ಸಾಬೂನು ಹಾಕಿದ ನೀರಿನಲ್ಲಿ ಮುಳುಗಿಸಿ ಬಿಡಿ. ಸಾಬೂನು ಯಾಕೆಂದರೆ ಗಾಳಿಗುಳ್ಳೆ ಅಂಟಿಕೊಂಡು ಸುಳ್ಳು ಹೇಳಬಾರದು. ಮೇಲೆ ಬಂದರೆ 2, 4 ಅಥವಾ 5. ಮುಳುಗಿದರೆ 1, 3 ಅಥವಾ 6. ಉಬ್ಬಿಸಿದ ಥರ್ಮಾಕೋಲ್‌ಗೆ ಈ ಪರೀಕ್ಷೆ ನಡೆಯದು, ಅದರಲ್ಲಿ ಹೆಚ್ಚಿನ ಭಾಗ ಗಾಳಿಯೇ. ಪಾರದರ್ಶಕ ಬಾಟಲಿ ಪೆಟ್‌ನದೋ ಪಿವಿಸಿಯದೋ ಎಂಬ ಅನುಮಾನ ಇದ್ದರೆ ಗಟ್ಟಿಯಾಗಿ ಮಡಚಿ ನೋಡಿ. ಮಡಿಕೆಯಲ್ಲಿ ಬೆಳ್ಳಗೆ ಗೆರೆ ಬಂದರೆ, ತಳದಲ್ಲಿ ಚುಕ್ಕೆಯ ಬದಲು ಅಡ್ಡ ಗೆರೆ ಇದ್ದರೆ, ಪಿವಿಸಿ ಇರುವ ಸಾಧ್ಯತೆ ಹೆಚ್ಚು. ಸುಟ್ಟು ವಾಸನೆ ನೋಡುವ ಹಳೆಯ ವಿಧಾನ ಬೇಡವೇ ಬೇಡ. ಪಿವಿಸಿ ಹೊಗೆಯಲ್ಲಿ ಆಮ್ಲ ಇರುತ್ತದೆ.

ಕಪ್ಪು ಡಬ್ಬಿಗಳನ್ನು ಯಾಕೆ ತಗೊಳ್ಳಲ್ಲ?

ಕಪ್ಪು ಬಣ್ಣಕ್ಕೆ ಹಾಕುವ ಇಂಗಾಲದ ಪುಡಿ ಅವಕೆಂಪು ಬೆಳಕನ್ನು ನುಂಗುತ್ತದೆ. ಯಂತ್ರಕ್ಕೆ ಏನೂ ಮರಳಿ ಬರುವುದಿಲ್ಲ. ಬೆಲ್ಟ್‌ಗೂ ಡಬ್ಬಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಾಟಲಿಯ ಮುಚ್ಚಳ ತೆಗೆಯಬೇಕಾ?

ಪೆಟ್ ಬಾಟಲಿಯಾದರೆ ಖಾಲಿ ಮಾಡಿ ಮುಚ್ಚಳ ಹಾಕಿಯೇ ಕೊಡಬಹುದು, ತೊಟ್ಟಿಯಲ್ಲಿ ಅದು ತೇಲಿ ಬೇರೆಯಾಗುತ್ತದೆ. ಬಿಡಿಯಾಗಿ ಕೊಟ್ಟ ಚಿಕ್ಕ ಮುಚ್ಚಳ ವಿಂಗಡಿಸುವಾಗಲೇ ಜರಡಿಯಿಂದ ಉದುರಿಹೋಗುವುದು ಹೆಚ್ಚು. ಕೈಯಿಂದ ವಿಂಗಡಿಸುವ ಕಡೆ ಬೇರೆ ಕ್ರಮ ಇರಬಹುದು, ತೆಗೆದುಕೊಳ್ಳುವವರನ್ನು ಕೇಳಿ.

ಇಲ್ಲಿಯವರೆಗೆ ಎಷ್ಟು ಪ್ಲಾಸ್ಟಿಕ್ ರೀಸೈಕಲ್ ಆಗಿದೆ?

2017ರಲ್ಲಿ ಗೇಯರ್, ಜಾಂಬೆಕ್ ಮತ್ತು ಲಾ ಎಂಬ ಮೂವರು ಸಂಶೋಧಕರು ಜಗತ್ತಿನ ಲೆಕ್ಕ ಹಾಕಿದರು. 2015ರವರೆಗೆ ಕಸವಾದ ಪ್ಲಾಸ್ಟಿಕ್‌ನಲ್ಲಿ ಸುಮಾರು 9 ಶೇಕಡಾ ರೀಸೈಕಲ್ ಆಗಿತ್ತು, 12 ಶೇಕಡಾ ಸುಟ್ಟಿದ್ದರು, ಉಳಿದ 79 ಶೇಕಡಾ ಕಸದ ಗುಂಡಿಗಳಲ್ಲಿ ಅಥವಾ ಪರಿಸರದಲ್ಲಿ ಸೇರಿತ್ತು. ಇದು ಎಲ್ಲ ಪ್ಲಾಸ್ಟಿಕ್ ಸೇರಿಸಿದ ಲೆಕ್ಕ. ಪೆಟ್ ಬಾಟಲಿಯನ್ನು ಮಾತ್ರ ನೋಡಿದರೆ ಚಿತ್ರ ಇಷ್ಟು ಕೆಟ್ಟದಾಗಿಲ್ಲ, ತೆಳು ಕವರುಗಳನ್ನು ನೋಡಿದರೆ ಇನ್ನೂ ಕೆಟ್ಟದು.

ಕೆಲವು ಪೆಟ್ಟಿಗೆಗಳ ಮೇಲೆ 20, 21, 84 ಎಂದೆಲ್ಲ ಇರುತ್ತದಲ್ಲ, ಅದೇನು?

ಅದು ಯುರೋಪಿನ ಪಟ್ಟಿ. ಅಲ್ಲಿ 1997ರಲ್ಲಿ ಪ್ಯಾಕಿಂಗ್ ವಸ್ತುಗಳಿಗೆಲ್ಲ ನಂಬರ್ ಕೊಟ್ಟರು. 20 ಸುಕ್ಕು ಪದರದ ರಟ್ಟು, 21 ಸಾದಾ ರಟ್ಟು, 22 ಕಾಗದ, 40 ಉಕ್ಕು, 41 ಅಲ್ಯೂಮಿನಿಯಂ. 84 ಎಂದರೆ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಸೇರಿಸಿ ಅಂಟಿಸಿದ್ದು, ಜ್ಯೂಸ್ ತುಂಬುವ ಪೆಟ್ಟಿಗೆಯಂಥದ್ದು. ಅದನ್ನು ತೆಗೆದುಕೊಳ್ಳುವ ಕಾರ್ಖಾನೆಗಳಲ್ಲಿ ಮೊದಲು ಚೂರು ಮಾಡಿ ಪಲ್ಪರ್‌ನಲ್ಲಿ ನೀರಿನ ಜೊತೆ ಹೆಚ್ಚು ಹೊತ್ತು ಕಲಕುತ್ತಾರೆ. ಕಾಗದದ ನಾರು ಬಿಟ್ಟುಕೊಂಡು ಬರುತ್ತದೆ, ಉದ್ದ ನಾರಾದ್ದರಿಂದ ಅದಕ್ಕೆ ಒಳ್ಳೆಯ ಬೇಡಿಕೆಯೂ ಇದೆ. ಪಾಲಿಥೀನ್ ಮತ್ತು ಅಲ್ಯೂಮಿನಿಯಂ ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ. ಅವನ್ನು ಬಿಸಿ ಮಾಡಿ ಒತ್ತಿ ಹಲಗೆ ಮಾಡುತ್ತಾರೆ, ಇಲ್ಲವೇ ಸಿಮೆಂಟ್ ಕಾರ್ಖಾನೆಯ ಒಲೆಗೆ ಕಳಿಸುತ್ತಾರೆ.